ಸ್ಲೈಡಿಂಗ್ ಗೇಟಿಗೆ ಮೋಟರ್, ಲಿಮಿಟ್ ಸ್ವಿಚ್, ಅಡ್ಡ ಬಂದ್ರ ನಿಲ್ಲೋ ವ್ಯವಸ್ಥಾ: ಪದೇ ಪದೇ ಕೇಳೋ ಪ್ರಶ್ನೆಗಳು

ಜಮಖಂಡಿ, ಮುಧೋಳ, ರಬಕವಿ ಕಡೆ ಮನಿ ಗೇಟಿಗೆ ಮೋಟರ್ ಕೂಡ್ಸೋ ಮಂದಿ ಕೇಳೋ ಪ್ರಶ್ನಿ ಹೆಚ್ಚುಕಮ್ಮಿ ಇವ ಇರ್ತಾವ, ಅದಕ್ಕ ಒಂದ ಕಡೆ ಬರದಿಟ್ಟೀನಿ. ಎಲ್ಲಾ ಲೆಕ್ಕಾನೂ ಒಂದ ಗೇಟ್ ಹಿಡ್ಕೊಂಡ ಹೇಳ್ತೀನಿ: 4 ಮೀಟರ್ ಬಾಗಲಾ, ಸುಮಾರ 300 ಕೆಜಿ ಕಬ್ಬಿಣದ ಗೇಟ್, ಉತ್ತರ ದಿಕ್ಕಿನ ಮನಿ, ಎರಿ ಮಣ್ಣಿನ ಜಾಗಾ, 24 ವೋಲ್ಟ್ ಡಿಸಿ ಮೋಟರ್, ರ‍್ಯಾಕ್ ಮತ್ತ ಪಿನಿಯನ್, ಅಂದ್ರ ಗೇಟಿಗೆ ಹಚ್ಚಿದ ಹಲ್ಲಿನ ಪಟ್ಟಿ ಮತ್ತ ಅದನ್ನ ಸರಸೋ ಮೋಟರಿನ ಹಲ್ಲಿನ ಗಾಲಿ. ನಿಮ್ಮ ಗೇಟಿನ ನಂಬರ್ ಬ್ಯಾರೆ ಇರಬಹುದು, ಅಳಿಯೋ ರೀತಿ ಮಾತ್ರ ಇದ.

ಮೋಟರ್ ತರೋಕಿಂತ ಮೊದ್ಲ ಏನ್ ನೋಡಬೇಕ್ರಿ?

ಗೇಟ್ ಕೈಲೆ ಎಷ್ಟ ಹಗುರ ಹೋಗ್ತೈತಿ ಅನ್ನೋದ ಮೊದಲ ನೋಡ್ರಿ. ಹುಕ್ಕಿನ ತೂಕದ ಕಾಟಾ ಇರ್ತೈತಲ್ಲ, ಅಡತಿಯೊಳಗ ಚೀಲ ತೂಗ್ತಾರ, ಅದನ್ನ ಗೇಟಿಗೆ ಸಿಗಿಸಿ ನಿಧಾನ ಜಗ್ಗಿ, ಗೇಟ್ ಓಡೋವಾಗ ಎಷ್ಟ ಕೆಜಿ ತೋರಿಸ್ತೈತಿ ನೋಡ್ರಿ. 300 ಕೆಜಿ ಗೇಟ್ ಬೇರಿಂಗ್ ಚಲೋ ಇದ್ದು ಟ್ರ್ಯಾಕ್ ನೆಟ್ಟಗ ಇದ್ರ 8-10 ಕೆಜಿ ಒಳಗ ಬರ್ತೈತಿ. 20 ದಾಟಿತು ಅಂದ್ರ ಮೋಟರಿಗೆ ರೊಕ್ಕ ಹಾಕಬ್ಯಾಡ್ರಿ, ಮೊದ್ಲ ವೆಲ್ಡರನ್ನ ಕರಸಿ ಚಕ್ರ, ಟ್ರ್ಯಾಕ್ ಸರಿ ಮಾಡಿಸ್ರಿ. ಯಾಕಂದ್ರ ಬಿಗಿ ಇರೋ ಗೇಟಿಗೆ ದೊಡ್ಡ ಮೋಟರ್ ಹಾಕಿದ್ರ ಓಡ್ತೈತಿ ಖರೆ, ಆದ್ರ ಅದಕ್ಕ ನಡುವ ಹುಡುಗ ಬಂದಾನೋ ಇಲ್ಲಾ ಚಕ್ರಾನ ಬಿಗಿ ಐತೋ ಅನ್ನೋ ಫರಕ್ ಗೊತ್ತಾಗಂಗಿಲ್ಲ. ಮುಂದಿನ ಎಲ್ಲಾ ಮಾತೂ ಇದರ ಮ್ಯಾಲ ನಿಂತೈತಿ.

ಇನ್ನೊಂದ ಮಾತು, ಎರಡೂ ತುದಿಗೆ ಗಟ್ಟಿ ಕಬ್ಬಿಣದ ಸ್ಟಾಪರ್ ಬೇಕ ಬೇಕು. ಗೇಟ್ ತುದಿಗೆ ಬಂದಾಗ ಮೋಟರ್ ನಿಲ್ಲಸೋ ಲಿಮಿಟ್ ಸ್ವಿಚ್ ಐತಲ್ಲ ಅಂತ ಸ್ಟಾಪರ್ ಬಿಡೋರು ಅದಾರ, ಸ್ವಿಚ್ ಕೈ ಕೊಟ್ಟ ದಿನ 300 ಕೆಜಿ ಗೇಟ್ ಟ್ರ್ಯಾಕ್ ಬಿಟ್ಟು ಮಗ್ಗಲಿಗೆ ಬೀಳ್ತೈತಿ, ಅಲ್ಲಿ ಯಾರರ ನಿಂತಿದ್ರ ಮುಗೀತು.

ಗೇಟ್ ತೆರಿಯಾಕ ಎಷ್ಟ ಸೆಕೆಂಡ್ ಹಿಡಿತೈತಿ?

ಪಿನಿಯನ್ 16 ಹಲ್ಲು, ಮಾಡ್ಯೂಲ್ 4 ಇದ್ರ ಅದರ ಪಿಚ್ ವ್ಯಾಸ 64 ಮಿಮೀ, ಅಂದ್ರ ಒಂದ ಸುತ್ತಿಗೆ ಗೇಟ್ ಸುಮಾರ 20 ಸೆಂಮೀ ಸರಿತೈತಿ. ಗೇರ್ ದಾಟಿ ಬರೋ ವೇಗ 50 ಆರ್‌ಪಿಎಂ ಇದ್ರ ನಿಮಿಷಕ್ಕ 10 ಮೀಟರ್, 4 ಮೀಟರಿಗೆ 24 ಸೆಕೆಂಡ್. ಈ 24 ನೆನಪಿಟ್ಕೊಳ್ರಿ, ಮೋಟರ್ ನಡಸೋ ಕಂಟ್ರೋಲ್ ಬೋರ್ಡಿನೊಳಗ 30 ಸೆಕೆಂಡಿನ ಟೈಮೌಟ್ ಹಾಕೋದು ಇದನ್ನ ನೋಡೇ. 30 ಸೆಕೆಂಡ್ ಆದ್ರೂ ಲಿಮಿಟ್ ಬರಲಿಲ್ಲ ಅಂದ್ರ ಎಲ್ಲೋ ಏನೋ ಕೆಟ್ಟೈತಿ ಅಂತನ ಅರ್ಥ, ಮೋಟರ್ ಬಂದ್ ಆಗಬೇಕು.

ಲಿಮಿಟ್ ಸ್ವಿಚ್ ಎಲ್ಲಿ ಕೂಡ್ಸಬೇಕು, ಎನ್‌ಸಿ ಹಾಕಬೇಕೋ ಎನ್‌ಓ ಹಾಕಬೇಕೋ?

ರೆಡಿಮೇಡ್ ಮೋಟರ್ ತಗೊಂಡ್ರ ಸ್ಪ್ರಿಂಗ್ ಕಡ್ಡಿಯ ಸ್ವಿಚ್ ಮೋಟರಿನ ಮೈಮ್ಯಾಲ ಇರ್ತೈತಿ, ರ‍್ಯಾಕಿನ ಎರಡೂ ತುದಿಗೆ ಪಟ್ಟಿ ಹಾಕಿ ಅದನ್ನ ಬಡಿಸ್ತಾರ. ಕೆಲವದಕ್ಕ ಮ್ಯಾಗ್ನೆಟ್ ಇರ್ತೈತಿ, ಧೂಳಿಗೆ ಅದು ಇನ್ನೂ ಚಲೋ. ನೀವ ಕೂಡ್ಸೋದಿದ್ರ ರೋಲರ್ ಲಿವರ್ ಇರೋ ಇಂಡಸ್ಟ್ರಿಯಲ್ ಲಿಮಿಟ್ ಸ್ವಿಚ್ ತಗೊಳ್ರಿ, ಅದರೊಳಗ ಒಂದ ಎನ್‌ಸಿ ಒಂದ ಎನ್‌ಓ ಎರಡೂ ಬ್ಯಾರೆ ಬ್ಯಾರೆ ಇರ್ತಾವು, ಎರಡೂ ಕೆಲಸಕ್ಕ ಬರ್ತಾವು. ಎನ್‌ಸಿ ಅಂದ್ರ ಸ್ವಿಚ್ ಒತ್ತದಿದ್ದಾಗ ಕೂಡಿರೋದು, ಒತ್ತಿದ್ರ ಬಿಡೋದು; ಎನ್‌ಓ ಅದರ ಉಲ್ಟಾ.

ಮೋಟರ್ ನಿಲ್ಲಿಸೋ ಕೆಲಸಕ್ಕ ಎನ್‌ಸಿನ ಹಾಕಬೇಕು. ಇಲಿ ವೈರ್ ಕಡೀತು, ಸ್ಕ್ರೂ ಸಡ್ಲಾತು, ನೀರ ಇಳದು ತುದಿಗೆ ಜಂಗ್ ಹಿಡೀತು ಅನ್ರಿ, ಎನ್‌ಸಿ ಇದ್ರ ಗೇಟ್ ಓಡಂಗಿಲ್ಲ, ನಿಮಗ ತಕ್ಷಣ ಗೊತ್ತಾಗ್ತೈತಿ. ಎನ್‌ಓ ಹಾಕಿದ್ರ ವೈರ್ ಕಡದಿದ್ದು ಗೊತ್ತಾಗೋದು ಗೇಟ್ ಹೋಗಿ ಕಂಬಕ್ಕ ಬಡದಾಗ.

ಪಟ್ಟಿ ಎಲ್ಲಿ ಹಾಕಬೇಕು ಅಂದ್ರ, ಗೇಟ್ ನಿಂತ ಮ್ಯಾಲ ಸ್ಟಾಪರಿಗೆ ಇನ್ನೂ 2-4 ಸೆಂಮೀ ಸಂದು ಉಳಿಯೋ ಹಂಗ. ಸ್ವಿಚ್ ಒತ್ತಿದ ಕೂಡಲೆ ಗೇಟ್ ನಿಲ್ಲಂಗಿಲ್ಲ, ಒಂದಿಷ್ಟ ಸರೀತೈತಿ, ಎಷ್ಟ ಸರೀತೈತಿ ಅಂತ ಚಾಕಿನ ಗೆರಿ ಹಾಕಿ ಅಳ್ದು ಆಮ್ಯಾಲ ಪಟ್ಟಿ ಬಿಗೀರಿ. ಪಟ್ಟಿ ಉದ್ದನೂ ಆ ಸರಿಯೋದಕ್ಕಿಂತ ಹೆಚ್ಚ ಇರಬೇಕು, ಇಲ್ಲಾಂದ್ರ ಪಟ್ಟಿ ದಾಟಿ ಸ್ವಿಚ್ ಮತ್ತ ಬಿಟ್ಟಂಗ ಆಗಿ, ಗೇಟ್ ತುದಿಗೆ ನಿಂತಿದ್ರೂ ಬೋರ್ಡಿಗೆ ನಡುವ ನಿಂತೈತಿ ಅನಸ್ತೈತಿ.

ಬೋರ್ಡಿನ ಪ್ರೋಗ್ರಾಮ್ ಲಿಮಿಟ್ ಓದಿ ಮೋಟರ್ ನಿಲ್ಲಿಸಿದ್ರ ಸಾಲಂಗಿಲ್ಲೇನು?

ಸಾಲಂಗಿಲ್ರಿ. ಪ್ರೋಗ್ರಾಮ್ ಹ್ಯಾಂಗ್ ಆಗಬಹುದು, ಮಳಿಗಾಲದ ಸಿಡಿಲಿಗೆ ಬೋರ್ಡ್ ಹೋಗಬಹುದು. ಅದಕ್ಕ ಲಿಮಿಟ್ ಸ್ವಿಚ್ಚು ರಿಲೇ ಕಾಯಲ್ಲಿನ ದಾರಿಯೊಳಗ ನೇರವಾಗಿ ಕೂಡಬೇಕು.

ಟ್ರಕ್ಕಿಗೆ ಹಾಕೋ 24 ವೋಲ್ಟಿನ 30 ಆಂಪಿಯರ್ ರಿಲೇ, ಚೇಂಜ್‌ಓವರ್ ಇರೋವು ಎರಡು ತಗೊಳ್ರಿ, ಆಟೋಮೊಬೈಲ್ ಅಂಗಡಿಯೊಳಗ ಸಿಗ್ತಾವು. ಮೋಟರಿನ ಒಂದ ವೈರ್ ಮೊದಲನೇ ರಿಲೇದ ಕಾಮನ್ನಿಗೆ, ಇನ್ನೊಂದು ಎರಡನೇದರ ಕಾಮನ್ನಿಗೆ. ಎರಡರದೂ ಎನ್‌ಸಿ ಮೈನಸ್ಸಿಗೆ, ಎನ್‌ಓ ಪ್ಲಸ್ಸಿಗೆ. ಒಂದ ರಿಲೇ ಎಳೆದ್ರ ಗೇಟ್ ತೆರಿತೈತಿ, ಇನ್ನೊಂದ ಎಳೆದ್ರ ಮುಚ್ಚತೈತಿ. ಎರಡೂ ಬಿಟ್ರ ಮೋಟರಿನ ಎರಡೂ ವೈರ್ ಮೈನಸ್ಸಿಗೆ ಕೂಡಿ ಮೋಟರ್ ತಾನ ಬ್ರೇಕ್ ಹಿಡಿತೈತಿ, ಆಕಸ್ಮಾತ್ ಎರಡೂ ಕೂಡೆ ಎಳೆದ್ರೂ ಎರಡೂ ಪ್ಲಸ್ಸಿಗೆ ಕೂಡಿ ಬ್ರೇಕ್ ಆಗ್ತೈತಿ, ಶಾರ್ಟ್ ಆಗಂಗಿಲ್ಲ. ಈ ಜೋಡಣಿ ನನಗ ಭಾಳ ಸೇರೋದು ಇದಕ್ಕ.

ಈಗ ಮುಚ್ಚೋ ರಿಲೇದ ಕಾಯಲ್ಲಿನ ವೈರು ಮುಚ್ಚೋ ಲಿಮಿಟ್ಟಿನ ಎನ್‌ಸಿ ದಾಟಿ ಹೋಗಲಿ, ತೆರಿಯೋದು ತೆರಿಯೋ ಲಿಮಿಟ್ಟಿಂದ. ಗೇಟ್ ಮುಚ್ಚಿ ಸ್ವಿಚ್ ಒತ್ತಿದ್ರ ಮುಚ್ಚೋ ರಿಲೇ ಅಷ್ಟ ಬೀಳ್ತೈತಿ, ತೆರಿಯೋ ದಾರಿ ಹಂಗ ಇರ್ತೈತಿ. ಬೋರ್ಡ್ ಸತ್ತು ರಿಲೇ ಹಿಡ್ಕೊಂಡ ಕೂತ್ರೂ ಗೇಟ್ ತುದಿಗೆ ನಿಲ್ತೈತಿ. ಸ್ವಿಚ್ಚಿನ ಎನ್‌ಓ ಕಾಂಟ್ಯಾಕ್ಟ್ ಬೋರ್ಡಿಗೆ ಕೊಡ್ರಿ, ತುದಿ ಮುಟ್ಟೀನಿ ಅಂತ ಅದಕ್ಕ ಗೊತ್ತಾಗಲಿ. ಎರಡೂ ಕಾಯಲ್ಲಿಗೆ ಉಲ್ಟಾ ಡಯೋಡ್ ಹಾಕೋದ ಮರಿಬ್ಯಾಡ್ರಿ.

ರಿಲೇ ಕಾಂಟ್ಯಾಕ್ಟ್ ಅಂಟಿಕೊಂಡ್ರ ಈ ವ್ಯವಸ್ಥಾನೂ ಕೆಲಸ ಮಾಡಂಗಿಲ್ಲ, ಅದಕ್ಕ ಪ್ಲಸ್ ಲೈನಿಗೆ ಒಂದ ಫ್ಯೂಸ್, ಮತ್ತ ಮೊದ್ಲ ಹೇಳಿದ ಸ್ಟಾಪರ್.

ಅಡ್ಡ ಏನರ ಬಂದ್ರ ಮೋಟರಿಗೆ ಹೆಂಗ ಗೊತ್ತಾಗ್ತೈತಿ?

ಡಿಸಿ ಮೋಟರಿಗೆ ಲೋಡ್ ಹೆಚ್ಚಾದಂಗ ಆಂಪಿಯರ್ ಏರ್ತೈತಿ, ಅದನ್ನ ಅಳದ್ರ ಗೇಟ್ ಎಷ್ಟ ಜೋರಲೆ ತಳ್ಳಾಕತ್ತೈತಿ ಅಂತ ತಿಳಿತೈತಿ. ಎಸಿಎಸ್712 ಅಂತ ಸಣ್ಣ ಸೆನ್ಸರ್ ಬರ್ತೈತಿ, 20 ಆಂಪಿಯರಿಂದು ತಗೊಂಡ್ರ ಒಂದ ಆಂಪಿಯರಿಗೆ 100 ಮಿಲಿವೋಲ್ಟ್ ಬದಲಾಗ್ತೈತಿ, 5 ವೋಲ್ಟಿನ ಆರ್ಡ್ವಿನೋ ಬೋರ್ಡಿನ್ಯಾಗ ಅದು ಸುಮಾರ 20 ಎಣಿಕಿ. ಇದನ್ನ ಮೋಟರ್ ವೈರಿನ್ಯಾಗ ಹಾಕಬ್ಯಾಡ್ರಿ, ಬ್ಯಾಟರಿಯಿಂದ ರಿಲೇಕ್ಕ ಬರೋ ಪ್ಲಸ್ ಲೈನಿನ್ಯಾಗ ಹಾಕ್ರಿ. ಹಂಗ ಹಾಕಿದ್ರ ಇನ್ನೊಂದ ಉಪಯೋಗ ಐತಿ, ಬೋರ್ಡ್ ಮುಚ್ಚು ಅಂತ ಹೇಳಿದ್ರೂ ಆಂಪಿಯರ್ ಸೊನ್ನಿ ಆಗಿ, ಬೋರ್ಡಿಗೆ ಲಿಮಿಟ್ ಸುದ್ದಿ ಬರಲಿಲ್ಲ ಅಂದ್ರ ಎನ್‌ಓ ವೈರ್ ಕಡದೈತಿ ಇಲ್ಲಾ ಫ್ಯೂಸ್ ಹೋಗೈತಿ ಅಂತ ಹಿಡೀಬಹುದು.

ಈಗ ನಂಬರ್ ಹೆಂಗ ಇಡೋದು. ನಮ್ಮ ಗೇಟಿನ ಮೋಟರು ಗೇಟ್ ಬಿಟ್ಟು ಖಾಲಿ ತಿರುಗಿದಾಗ 1.4 ಆಂಪಿಯರ್, ಗೇಟ್ ಜೋಡಿ ಓಡಿದಾಗ 2.9. ಕಾಟಾ ಕಟ್ಟಿ ಜಗ್ಗಿದಾಗ 10 ಕೆಜಿ ಇತ್ತು. ಅಂದ್ರ 1.5 ಆಂಪಿಯರ್ ಅಂದ್ರ 10 ಕೆಜಿ ತಳ್ಳೋ ಬಲ. ಓಡೋವಾಗಿನ ಆಂಪಿಯರ್ ಮ್ಯಾಲ 2 ಏರಿದ್ರ ನಿಲ್ಲು ಅಂದ್ರ, ಅಡ್ಡ ನಿಂತವರ ಮ್ಯಾಲ ಗೇಟ್ ಸುಮಾರ 13 ಕೆಜಿ ಬಲ ಹಾಕಿದ ಮ್ಯಾಲ ನಿಲ್ತೈತಿ. ಇದರ ಮ್ಯಾಲ ಓಡಿ ಬರೋ 300 ಕೆಜಿ ಲೋಡಿನ ಪೆಟ್ಟು ಬ್ಯಾರೆ, ಅದನ್ನ ಆಂಪಿಯರ್ ಹೇಳಂಗಿಲ್ಲ, ಅದನ್ನ ಕಮ್ಮಿ ಮಾಡೋದು ಬ್ರೇಕು ಮತ್ತ ನಿಧಾನ ವೇಗ. ಯುರೋಪಿನ ಇಎನ್ 12453 ಸ್ಟ್ಯಾಂಡರ್ಡ್ ಪ್ರಕಾರ ಗೇಟು ಕಂಬದ ನಡುವ ಸಿಕ್ಕವರ ಮ್ಯಾಲ ಒಂದ ಕ್ಷಣಕ್ಕೂ 400 ನ್ಯೂಟನ್ ದಾಟಬಾರದು, ಅಂದ್ರ ಸುಮಾರ 40 ಕೆಜಿ, ಅದೂ ಮುಕ್ಕಾಲ ಸೆಕೆಂಡಿನ್ಯಾಗ 150 ನ್ಯೂಟನ್ನಿಗೆ ಇಳಿಬೇಕು. ಆ ಲೆಕ್ಕದಾಗ ನೋಡಿದ್ರ 2 ಆಂಪಿಯರಿನ ಅಂತರ ಹೆಚ್ಚೇನಲ್ಲ, 5 ಇಟ್ರ ಮಾತ್ರ ಅಂಜಿಕಿ.

ಮೋಟರ್ ಸ್ಟಾರ್ಟ್ ಆಗೋವಾಗ ಅರ್ಧ ಸೆಕೆಂಡ್ 10 ಆಂಪಿಯರ್ ದಾಟಿ ಹೋಗ್ತೈತಿ, ಅದನ್ನ ಅಡ್ಡ ಅಂತ ತಿಳಿಬಾರದು ಅಂತ ಮೊದಲ 700 ಮಿಲಿಸೆಕೆಂಡ್ ಬಿಟ್ಟ ನೋಡ್ತೀವಿ. ಪ್ರತಿ 20 ಮಿಲಿಸೆಕೆಂಡಿಗೊಮ್ಮೆ ಓದಿ, ಸಾಲಾಗಿ 5 ಸಲ ಹೆಚ್ಚ ಬಂದ್ರ ಅಷ್ಟ ಖರೆ ಅಂತ ಹಿಡೀಬೇಕು, ಒಂದ ಸಲದ ಏರಿಕಿಗೆ ನಿಂತ್ರ ರ‍್ಯಾಕಿನ ಪ್ರತಿ ಜಾಯಿಂಟಿಗೂ ಗೇಟ್ ವಾಪಸ್ ಹೋಗ್ತೈತಿ.

```cpp
// ಪ್ರತಿ 20 ms ಗೆ ಒಮ್ಮೆ
if (closing && millis() - t0 > 700) {
  if (amps > base + 2.0) hit++;
  else hit = 0;
  if (hit >= 5) {
    hit = 0;
    stopMotor();
    delay(700);   // ಗೇಟ್ ಪೂರಾ ನಿಲ್ಲಲಿ
    openGate();
  }
}
```

`base` ಅಂದ್ರ ಅಡ್ಡ ಏನೂ ಇಲ್ಲದಾಗ ಓಡೋ ಆಂಪಿಯರ್, ನಮ್ಮಲ್ಲಿ 2.9. ಮುಚ್ಚೋವಾಗ ತಾಗಿದ್ರ ಪೂರಾ ತೆರಿಲಿ. ತೆರಿಯೋವಾಗ ತಾಗಿದ್ರ ಪೂರಾ ಮುಚ್ಚಿಸಬ್ಯಾಡ್ರಿ, ಒಂದ ಗೇಣು ಹಿಂದ ಬಂದು ನಿಲ್ಲಲಿ ಸಾಕು, ಅಲ್ಲಿ ಗೇಟಿಗೂ ಗ್ವಾಡಿಗೂ ನಡುವ ಯಾರರ ಸಿಕ್ಕಿರ್ತಾರ.

ಒಂದ ಮಿತಿ ಹೇಳಲೇಬೇಕು. ಗೇಟಿನ ಸರಳಿನ್ಯಾಗ ಕೈ ಹಾಕಿ ನಿಂತ ಸಣ್ಣ ಹುಡುಗನ ಬೆರಳು ಕಂಬದ ಅಂಚಿಗೆ ಸಿಕ್ರ ಆಂಪಿಯರ್ 2 ಏರೋದ್ರಾಗ ಬೆರಳ ಉಳಿಯಂಗಿಲ್ಲ. ಗ್ವಾಡಿ ಕಡೆ ಸರಿಯೋ ಭಾಗಕ್ಕ ಶೀಟರ ಹೊಡಸ್ರಿ, ಸಣ್ಣ ಜಾಳಿಗಿಯರ ಹಾಕಸ್ರಿ. ಇದಕ್ಕ ಎಲೆಕ್ಟ್ರಾನಿಕ್ಸಿನ್ಯಾಗ ಬದಲಿ ಇಲ್ಲ.

ಆಂಪಿಯರ್ ನೋಡ್ತೈತಿ ಅಂದ ಮ್ಯಾಲ ಫೋಟೋಸೆಲ್ ಯಾಕ ಬೇಕು?

ಆಂಪಿಯರ್ ಗೊತ್ತಾಗೋದು ತಾಗಿದ ಮ್ಯಾಲ. ಫೋಟೋಸೆಲ್ ಅಂದ್ರ ಬಾಗಲಾದ ಒಂದ ಕಡೆ ಟ್ರಾನ್ಸ್‌ಮಿಟರ್, ಇನ್ನೊಂದ ಕಡೆ ರಿಸೀವರ್, ನಡುವ ಕಣ್ಣಿಗೆ ಕಾಣದ ಬೆಳಕಿನ ಬೀಮ್; ಬೀಮಿಗೆ ಏನರ ಅಡ್ಡ ಬಂದ್ರ ತಾಗೋಕಿಂತ ಮೊದ್ಲ ನಿಲ್ಲಸ್ತೈತಿ. ನೆಲದಿಂದ 50 ಸೆಂಮೀ ಎತ್ತರಕ್ಕ ಒಂದ ಜೋಡಿ ಹಾಕ್ರಿ, ಕಾರಿನ ಬಂಪರ್, ಎಮ್ಮಿ ಕಾಲು, ನಡಿಯೋ ಕೂಸು ಎಲ್ಲಾ ಅದರೊಳಗ ಬರ್ತಾವು. ಅದರ ಔಟ್‌ಪುಟ್ಟೂ ಎನ್‌ಸಿ ಇರಲಿ.

ನಮ್ಮ ಕಡೆ ಒಂದ ವಿಶೇಷ ತೊಂದರಿ ಐತಿ. ಮನಿ ಉತ್ತರಕ್ಕೋ ದಕ್ಷಿಣಕ್ಕೋ ಮುಖ ಮಾಡಿದ್ರ ಗೇಟಿನ ಸಾಲು ಪೂರ್ವ-ಪಶ್ಚಿಮ ಆಗ್ತೈತಿ, ಫೋಟೋಸೆಲ್ಲಿನ ಬೀಮೂ ಹಂಗ. ಸಂಜಿ ಇಳಿ ಹೊತ್ತಿನ ಬಿಸಲು ನೇರ ರಿಸೀವರಿನ ಕಣ್ಣಿಗೆ ಹೊಡದು ಗೇಟ್ ಮುಚ್ಚಂಗಿಲ್ಲ, ರಾತ್ರಿ ನೋಡಿದ್ರ ಬರೋಬ್ಬರಿ ಇರ್ತೈತಿ. ದಿನಾ ಅದ ಹೊತ್ತಿಗೆ ತಕರಾರು ಬಂತಂದ್ರ ಬಿಸಲ ಅಂತ ತಿಳೀರಿ. ಟ್ರಾನ್ಸ್‌ಮಿಟರ್ ಮತ್ತ ರಿಸೀವರ್ ಅದಲಬದಲ ಮಾಡ್ರಿ, ಮುಂಜಾನಿ ಬಿಸಲಿಗೆ ಮನಿಯೋ ಗಿಡಾನೋ ಅಡ್ಡ ಇರೋ ಕಡೆ ರಿಸೀವರ್ ನೋಡಲಿ.

ಬೋರ್ಡ್ ನೀವ ಮಾಡ್ತಿದ್ರ ಇನ್ನೊಂದ ಕೆಲಸ ಮಾಡ್ರಿ, ಪ್ರತಿ ಸಲ ಮುಚ್ಚೋಕಿಂತ ಮೊದ್ಲ ಟ್ರಾನ್ಸ್‌ಮಿಟರಿನ ಪವರ್ ಒಂದ ಕ್ಷಣ ತಗದ ನೋಡ್ಲಿ. ರಿಸೀವರ್ ‘ಅಡ್ಡ ಐತಿ’ ಅನ್ನಬೇಕು. ಅನ್ನಲಿಲ್ಲ ಅಂದ್ರ ಅದರ ರಿಲೇ ಅಂಟಿಕೊಂಡೈತಿ, ಗೇಟ್ ಮುಚ್ಚಬಾರದು.

ಕಬ್ಬಿನ ಟ್ರ್ಯಾಕ್ಟರ್ ಹೋಗೋವಾಗ ನಡುವ ಗೇಟ್ ಮುಚ್ಚಾಕ ಹತ್ತಿತು, ಫೋಟೋಸೆಲ್ ಇದ್ರೂ. ಯಾಕ?

ಟ್ರ್ಯಾಕ್ಟರಿಗೆ ಎರಡ ಟ್ರೇಲರ್ ಹಚ್ಚಿರ್ತಾರ, ಟ್ರ್ಯಾಕ್ಟರಿನ ಹಿಂದ ಮತ್ತ ಎರಡ ಟ್ರೇಲರಿನ ನಡುವ ಜೋಡಿಸೋ ದಾಂಡಿ ಅಷ್ಟ ಇರ್ತೈತಿ. ಆ ಸಂದಿನ್ಯಾಗ ಬೀಮ್ ದಾಂಡಿ ಕೆಳಗೋ ಮ್ಯಾಲೋ ಪಾರಾಗಿ ರಿಸೀವರಿಗೆ ಮುಟ್ಟತೈತಿ, ಬೋರ್ಡಿಗೆ ಗಾಡಿ ಹೋತು ಅನಸ್ತೈತಿ. ತಾನ ಮುಚ್ಚೋದು ಚಾಲೂ ಇದ್ರ ಗೇಟ್ ಬಂದು ಎರಡನೇ ಟ್ರೇಲರಿಗೆ ತಾಗ್ತೈತಿ, ಟನ್‌ಗಟ್ಟಲೆ ಕಬ್ಬು ಎಳಕೊಂಡು ಹೊಂಟ ಟ್ರೇಲರ್ ನಿಮ್ಮ ಗೇಟ್ ನೋಡಿ ನಿಲ್ಲಂಗಿಲ್ಲ, ಟ್ರ್ಯಾಕಿಂದ ಕಿತ್ತ ಒಯ್ತೈತಿ.

ಕಬ್ಬಿನ ಹಂಗಾಮಿನ್ಯಾಗ, ಇಲ್ಲಾ ಹೊಲದ ಗೇಟಿಗೆ ಯಾವಾಗ್ಲೂ, ತಾನ ಮುಚ್ಚೋದನ್ನ ಬಂದ್ ಇಡ್ರಿ, ಮನಷ್ಯಾ ಕಣ್ಣಲೆ ನೋಡಿ ಬಟನ್ ಒತ್ತಲಿ. ತಾನ ಮುಚ್ಚೋದು ಬೇಕ ಬೇಕಂದ್ರ ಎರಡನೇ ಜೋಡಿ ಫೋಟೋಸೆಲ್ ಒಳಗಿನ ಕಡೆ ಒಂದೆರಡ ಮೀಟರ್ ಬಿಟ್ಟ ಹಾಕಿ, ಎರಡೂ ಖಾಲಿ ಆದ ಮ್ಯಾಲ 20 ಸೆಕೆಂಡ್ ಕಾದು ಮುಚ್ಚೋ ಹಂಗ ಮಾಡ್ರಿ. ಒಂದ ಬೀಮ್ ಸಂದಿನ್ಯಾಗ ಇದ್ದಾಗ ಇನ್ನೊಂದು ಟ್ರೇಲರಿಗೆ ಅಡ್ಡ ಇರ್ತೈತಿ.

ಮಳಿ ಆದ ಮ್ಯಾಲ ಗೇಟ್ ಅರ್ಧಕ್ಕ ವಾಪಸ್ ಹೋಗಾಕತ್ತೈತಿ, ಅಡ್ಡ ಏನೂ ಇಲ್ಲ. ಸೆನ್ಸಿಟಿವಿಟಿ ಕಮ್ಮಿ ಮಾಡ್ಲೇನು?

ಬ್ಯಾಡ್ರಿ. ಹೆಚ್ಚು ಮಂದಿ ಮಾಡೋದು ಇದ, ಅಲ್ಲಿಂದ ಗೇಟ್ ಅಪಾಯದ್ದ ಆಗ್ತೈತಿ. ಮೊದ್ಲ ಕಾರಣ ಹುಡುಕ್ರಿ.

ನಮ್ಮ ಲೆಕ್ಕದ ಗೇಟಿನ ಸಂಗತಿನ ಹೇಳ್ತೀನಿ. ಬ್ಯಾಸಗ್ಯಾಗ 2.9 ಆಂಪಿಯರಿನ್ಯಾಗ ಓಡೋ ಗೇಟು, ಮಳಿಗಾಲ ಸುರುವಾದ ಮ್ಯಾಲ ಮುಚ್ಚಾಕ ಒಂದ ಮೀಟರ್ ಚಿಲ್ರ ಇರಬೇಕಾದ್ರ ನಿಂತ ವಾಪಸ್ ಹೋಗಾಕ ಹತ್ತಿತು, ದಿನಾ ಅದ ಜಾಗಾ. ಆಂಪಿಯರ್ ಅಲ್ಲಿ 5 ದಾಟತಿತ್ತು. ಆ ಜಾಗಾಕ್ಕ ಚಾಕಿನ ಗುರ್ತ ಹಾಕಿ, ಕೀಲಿ ಹಾಕಿ ಮೋಟರ್ ರಿಲೀಸ್ ಮಾಡಿ ಕೈಲೆ ತಳ್ಳಿ ನೋಡಿದ್ರ ಅಲ್ಲೂ ಗೇಟ್ ಹಗುರ. ಈ ಪರೀಕ್ಷೆ ಭಾಳ ಮುಖ್ಯ ಐತಿ: ಕೈಲೂ ಬಿಗಿ ಇದ್ರ ಟ್ರ್ಯಾಕಿನ್ಯಾಗ ಮಣ್ಣು ತುಂಬೈತಿ ಇಲ್ಲಾ ಚಕ್ರದ ಬೇರಿಂಗ್ ಹೋಗೈತಿ, ಕೈಲೆ ಹಗುರ ಇದ್ದು ಮೋಟರಿಗಷ್ಟ ಬಿಗಿ ಆದ್ರ ರ‍್ಯಾಕು ಪಿನಿಯನ್ ನಡುವ ನೋಡಬೇಕು.

ಅಲ್ಲೇ ಇತ್ತು. ಪಿನಿಯನ್ನಿಗೂ ರ‍್ಯಾಕಿಗೂ 1.5-2 ಮಿಮೀ ಸಂದು ಇರಬೇಕು, ಗೇಟಿನ ಭಾರ ಚಕ್ರದ ಮ್ಯಾಲ ಬೀಳಬೇಕ ಹೊರತು ಪಿನಿಯನ್ ಮ್ಯಾಲ ಬೀಳಬಾರದು. ಎರಿ ಮಣ್ಣು ಬ್ಯಾಸಗ್ಯಾಗ ಬಿರಕ ಬಿಡ್ತೈತಿ, ನೀರ ಕುಡದ್ರ ಉಬ್ಬತೈತಿ. ಮೋಟರಿನ ಕಾಂಕ್ರೀಟ್ ಕಟ್ಟಿ ಬರೇ ಒಂದ ಫೂಟ್ ಆಳ ಇತ್ತು, ಮಣ್ಣು ಉಬ್ಬಿದಾಗ ಮೋಟರನ್ನ ಎತ್ತಿಬಿಟ್ಟಿತ್ತು. ರ‍್ಯಾಕ್ ಒಂದೊಂದ ಮೀಟರಿನ ತುಂಡು, ಅದರಾಗ ಕೆಳಗ ಕೂತಿದ್ದ ಒಂದ ತುಂಡಿನ ಹತ್ರ ಸಂದು ಪೂರಾ ಹೋಗಿತ್ತು, ಅದಕ್ಕ ಒಂದ ಜಾಗಾದಾಗ ಅಷ್ಟ ತೊಂದರಿ.

ರ‍್ಯಾಕಿನ ಬೋಲ್ಟ್ ಸಡ್ಲ ಮಾಡಿ, ಉದ್ದ ತೂತಿನ್ಯಾಗ 2 ಮಿಮೀ ಮ್ಯಾಲ ಎತ್ತಿ ಬಿಗದ್ರ ಆಂಪಿಯರ್ ವಾಪಸ್ 3ಕ್ಕ ಬಂತು. ಮಳಿಗಾಲ ಮುಗದ ಮ್ಯಾಲ ಕಟ್ಟಿ ಒಡದು, ಎರಿ ದಾಟಿ ಗರಸು ಸಿಗೋ ತನಕ ಅಗದು ಹೊಸದಾಗಿ ಹಾಕಿದ್ದು. ಹೊಸದಾಗಿ ಮಾಡಿಸೋರು ಮೊದಲಸಲನ ಗರಸಿನ ತನಕ ಹೋಗ್ರಿ, ಗೇಟಿನ ಟ್ರ್ಯಾಕಿನ ಬೀಮಿಗೂ ಅದ ಮಾತು. ರ‍್ಯಾಕ್ ಜೋಡಿಸೋವಾಗ ಇನ್ನೊಂದ ತುಂಡನ್ನ ಕೆಳಗಿಂದ ಉಲ್ಟಾ ಹಿಡದು ಎರಡೂ ಕಡೆ ಹಲ್ಲು ಕೂಡಿಸಿ ಬಿಗದ್ರ ಜಾಯಿಂಟ್ ಸರಿ ಬರ್ತೈತಿ. ರ‍್ಯಾಕಿಗೆ ಗ್ರೀಸ್ ಹಚ್ಚಬ್ಯಾಡ್ರಿ, ನಮ್ಮ ಧೂಳು ಅದಕ್ಕ ಮೆತ್ತಿ ಹಲ್ಲು ಸವೀತಾವು.

ಕೆಲವ ಬೋರ್ಡ್ ತಾವ ಕಲಿತಾವು ಅಂತಾರ, ಅದು ಚಲೋ ಅಲ್ಲೇನು?

ಒಂದ ಮಟ್ಟಿಗೆ ಚಲೋ. ಆದ್ರ ಮಿತಿ ಇಲ್ಲದ ಕಲಿಕಿ ಬ್ಯಾಡ. ಮ್ಯಾಲಿನ ಗೇಟಿನ ಕಥಿನ ತಗೊಳ್ರಿ, ಮಣ್ಣು ದಿನಾ ಒಂದೀಟ ಉಬ್ಬಿದಂಗ ಬೋರ್ಡ್ ದಿನಾ ಒಂದೀಟ `base` ಏರಿಸ್ಕೋತ ಹೋದ್ರ ನಿಮಗ ತೊಂದರಿ ಕಾಣಂಗ ಇಲ್ಲ, ಗೇಟ್ ಮಾತ್ರ ಮೊದಲಿನ ಎರಡ ಪಟ್ಟು ಜೋರಲೆ ತಳ್ಳತಿರ್ತೈತಿ. ನೀವ ಪ್ರೋಗ್ರಾಮ್ ಬರಿಯೋರಿದ್ರ ಹೊಸದಿದ್ದಾಗಿನ ನಂಬರಿಗೆ 1 ಆಂಪಿಯರಿಗಿಂತ ಹೆಚ್ಚ ಏರಬಾರದು ಅಂತ ಕಟ್ಟ ಹಾಕ್ರಿ, ಅದು ದಾಟಿದ್ರ ಬಝರ್ ಹೊಡಿಲಿ, ಫಿಟ್ಟರ್ ಬಂದ ನೋಡ್ಲಿ.

ಕರೆಂಟ್ ಹೋದ್ರ ಏನ್ ಮಾಡೋದು?

12 ವೋಲ್ಟ್ 7 ಎಹೆಚ್ ಬ್ಯಾಟರಿ ಎರಡು ಸಾಲಾಗಿ ಜೋಡಿಸಿದ್ರ 24 ವೋಲ್ಟ್, ಮನಿ ಬಳಕಿಗೆ ಸಾಕು. ಬ್ಯಾಟರಿ ಮೋಟರ್ ಪೆಟ್ಟಗಿ ಹತ್ರನ ಇರಲಿ, ಮನಿ ಒಳಗಿಂದ 24 ವೋಲ್ಟ್ ಉದ್ದ ವೈರಿನ್ಯಾಗ ತಂದ್ರ ಸ್ಟಾರ್ಟಿಂಗ್ ಹೊತ್ತಿಗೆ ವೋಲ್ಟೇಜ್ ಬಿದ್ದು ಬೋರ್ಡ್ ರೀಸೆಟ್ ಆಗ್ತೈತಿ. ಬ್ಯಾಟರಿ ಇಳದಾಗ ಗೇಟ್ ನಿಧಾನಾಗಿ 30 ಸೆಕೆಂಡ್ ದಾಟಿ ಟೈಮೌಟಿಗೆ ನಿಲ್ತೈತಿ, ಅದನ್ನ ನೋಡಿ ಲಿಮಿಟ್ ಕೆಟ್ಟೈತಿ ಅಂತ ಬಿಚ್ಚಾಕ ಹೋಗಬ್ಯಾಡ್ರಿ, ಮೊದ್ಲ ಮೀಟರ್ ಹಚ್ಚಿ ವೋಲ್ಟ್ ನೋಡ್ರಿ. ರಿಲೀಸ್ ಕೀಲಿ ಎಲ್ಲಿ ಐತಿ ಅಂತ ಮನ್ಯಾಗ ಎಲ್ಲಾರಿಗೂ ಗೊತ್ತಿರಲಿ, ಅಜ್ಜಿಗೂ ಸುದ್ದಾ.

ಎಲ್ಲಾ ಸರಿ ಐತಿ ಅಂತ ಹೆಂಗ ಪರೀಕ್ಷೆ ಮಾಡೋದು?

ತಿಂಗಳಿಗೊಮ್ಮೆ ಮಾಡ್ರಿ, ಕೈಯಿ ಕಾಲು ಇಟ್ಟ ನೋಡಬ್ಯಾಡ್ರಿ. ನೀರಿನ ಖಾಲಿ ಪ್ಲಾಸ್ಟಿಕ್ ಕ್ಯಾನನ್ನ ಕಂಬಕ್ಕ ಆನಿಸಿ ಗೇಟ್ ಮುಚ್ಚಸ್ರಿ, ಬೀಮಿಗೆ ಅಡ್ಡ ಆಗದಂಗ ಮ್ಯಾಲ ಕಟ್ರಿ. ಗೇಟ್ ತಾಗಿ, ಕ್ಯಾನ್ ಒಂದೀಟ ಒಳಗ ಹೋಗಿ, ವಾಪಸ್ ತೆರಿಬೇಕು. ಕ್ಯಾನ್ ಚಪ್ಪಟಿ ಆತಂದ್ರ ಗೇಟ್ ಬಳಸೋದ ನಿಲ್ಲಸ್ರಿ. ಆಮ್ಯಾಲ ಗೇಟ್ ಮುಚ್ಚೋವಾಗ ಕಟ್ಟಗಿ ತಗೊಂಡ ಬೀಮಿಗೆ ಅಡ್ಡ ಹಿಡೀರಿ. ಕೊನಿಗೆ ಗೇಟ್ ನಡುವ ಓಡೋವಾಗ ಲಿಮಿಟ್ ಸ್ವಿಚ್ಚಿನ ಲಿವರನ್ನ ಉದ್ದ ಕಟ್ಟಗಿಲೆ ಒತ್ತಿದ್ರ ಆ ದಿಕ್ಕು ಅಷ್ಟ ನಿಲ್ಲಬೇಕು.

ನಮ್ಮದು 230 ವೋಲ್ಟ್ ಎಸಿ ಮೋಟರ್ ಐತಿ, ಇದ ಲೆಕ್ಕ ನಡಿತೈತೇನು?

ಲಿಮಿಟ್ ಸ್ವಿಚ್, ಫೋಟೋಸೆಲ್, ಸ್ಟಾಪರ್ ಎಲ್ಲಾ ಅದ. ಆಂಪಿಯರಿನ ಲೆಕ್ಕ ಮಾತ್ರ ನಡಿಯಂಗಿಲ್ಲ, ಕೆಪಾಸಿಟರ್ ಇರೋ ಸಿಂಗಲ್ ಫೇಸ್ ಮೋಟರಿನ್ಯಾಗ ಲೋಡ್ ಏರಿದ್ರೂ ಆಂಪಿಯರ್ ಅಷ್ಟೇನ್ ಬದಲಾಗಂಗಿಲ್ಲ. ಅದಕ್ಕ ವೇಗ ನೋಡೋ ಎನ್‌ಕೋಡರ್ ಇರೋ ಬೋರ್ಡ್ ಬೇಕು, ಇಲ್ಲಾ ಕಂಬಕ್ಕ ರಬ್ಬರಿನ ಸೇಫ್ಟಿ ಎಡ್ಜ್ ಹಾಕಬೇಕು. ಆ ಎಡ್ಜಿನ ತುದಿಗೆ 8.2 ಕಿಲೋಓಮ್ ರೆಸಿಸ್ಟರ್ ಇರ್ತೈತಿ, ಒತ್ತಿದ್ರ ಸೊನ್ನಿ ಆಗ್ತೈತಿ, ವೈರ್ ಕಡದ್ರ ಓಪನ್ ಆಗ್ತೈತಿ, ಎರಡನ್ನೂ ಬೋರ್ಡ್ ಹಿಡಿತೈತಿ. ಇನ್ನ ದಿಕ್ಕು ಬದಲ ಮಾಡೋಕಿಂತ ಮೊದ್ಲ ಒಂದೆರಡ ಸೆಕೆಂಡ್ ಪೂರಾ ಬಂದ್ ಇಡಬೇಕು, ಇಲ್ಲಾಂದ್ರ ಓಡೋ ಮೋಟರ್ ಹಳೆ ದಿಕ್ಕಿನ್ಯಾಗನ ಮುಂದ ಹೋಗಬಹುದು. 230 ವೋಲ್ಟಿನ ಕೆಲಸ ಅರ್ಥಿಂಗ್ ಮತ್ತ ಆರ್‌ಸಿಸಿಬಿ ಹಾಕಿ ಲೈಸೆನ್ಸ್ ಇರೋ ವೈರಮನ್ ಕಡೆಯಿಂದನ ಮಾಡಸ್ರಿ, ಮಳ್ಯಾಗ ತೋಯೋ ಕಬ್ಬಿಣದ ಗೇಟ್ ಐತಿ ಅದು.